ಹೆಚ್ಚುವರಿ 21ನೇ ಕ್ರೋಮೋಸೋಮ್ ಎಲ್ಲಿಂದ ಬಂತು?

ಪ್ರಶ್ನೆ: ನನಗೆ 28 ವರ್ಷ. ಮೂರು ತಿಂಗಳ ಮಗಳಿಗೆ ಡೌನ್ ಸಿಂಡ್ರೋಮ್ ಇದೆ. ರಿಪೋರ್ಟ್‌ನಲ್ಲಿ 47,XX,+21 ಅಂತಿದೆ. ನಮ್ಮಿಬ್ಬರ ಮನೆಯಲ್ಲೂ ಯಾರಿಗೂ ಹೀಗಿಲ್ಲ. ಇದು ಹೇಗಾಯಿತು? ಮುಂದಿನ ಮಗುವಿಗೂ ಬರುತ್ತದೆಯೇ?

ಉತ್ತರ: ಮೊದಲಿಗೆ ಒಂದು ಮಾತು: ಗರ್ಭಿಣಿಯಾಗಿದ್ದಾಗ ನೀವು ತಿಂದದ್ದು, ಮಾಡಿದ್ದು ಯಾವುದೂ ಇದಕ್ಕೆ ಕಾರಣವಲ್ಲ. ಇಂಥ ಮಕ್ಕಳಲ್ಲಿ ಹೆಚ್ಚಿನವರ ವಿಷಯದಲ್ಲಿ ತಪ್ಪು ಗರ್ಭ ನಿಲ್ಲುವ ಮೊದಲೇ, ಅಂಡಾಣು ತಯಾರಾಗುವಾಗ ನಡೆದಿರುತ್ತದೆ. ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ವೀರ್ಯಾಣುವಿನ ಕಡೆಯಿಂದ ಬರುತ್ತದೆ.

ನಮ್ಮ ಜೀವಕೋಶದಲ್ಲಿ 23 ಜೋಡಿ ಕ್ರೋಮೋಸೋಮ್‌ಗಳಿವೆ. ಅಂಡಾಣುವಿಗೆ ಪ್ರತಿ ಜೋಡಿಯಿಂದ ಒಂದೊಂದೇ ಹೋಗಬೇಕು. ಇದಕ್ಕಾಗಿ ಮಿಯಾಸಿಸ್ ಎಂಬ ವಿಭಜನೆ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲ ಹಂತದಲ್ಲಿ ಜೋಡಿಯ ಎರಡು ಕ್ರೋಮೋಸೋಮ್‌ಗಳು ಬೇರೆಯಾಗುತ್ತವೆ. ಎರಡನೆಯದರಲ್ಲಿ ಒಂದೊಂದು ಕ್ರೋಮೋಸೋಮಿನ ಎರಡು ಪ್ರತಿಗಳು ಬೇರೆಯಾಗುತ್ತವೆ. ಬೇರೆಯಾಗಬೇಕಾದ ಎರಡೂ ಒಂದೇ ಕಡೆಗೆ ಹೋಗಿಬಿಟ್ಟರೆ ಅದೇ ನಾನ್‌ಡಿಸ್‌ಜಂಕ್ಷನ್. ಆಗ ಅಂಡಾಣುವಿನಲ್ಲಿ 23ರ ಬದಲು 24 ಇರುತ್ತವೆ. ವೀರ್ಯಾಣುವಿನ 23 ಸೇರಿದರೆ 47.

ತಾಯಿಯ ಕಡೆಯಿಂದ ಬಂದ 21ನೇ ಕ್ರೋಮೋಸೋಮಿನ ತಪ್ಪುಗಳಲ್ಲಿ ಹೆಚ್ಚಿನವು ಮೊದಲ ಹಂತದವು. ಹೆಣ್ಣು ಭ್ರೂಣ ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರ ಅಂಡಾಣುಗಳು ಮಿಯಾಸಿಸ್ ಶುರುಮಾಡಿ, ನಡುವೆಯೇ ನಿಂತುಬಿಡುತ್ತವೆ. ಮುಂದೆ ಯಾವುದೋ ತಿಂಗಳು ಅಂಡೋತ್ಪತ್ತಿಯಾಗುವಾಗಷ್ಟೇ ಮೊದಲ ಹಂತ ಮುಗಿಯುತ್ತದೆ. ಅಷ್ಟೂ ವರ್ಷ ಕ್ರೋಮೋಸೋಮ್‌ಗಳನ್ನು ಹಿಡಿದಿಡುವುದು ಕೊಹೆಸಿನ್ ಎಂಬ ಪ್ರೋಟೀನ್. ವಯಸ್ಸಾದಂತೆ ಅದರ ಹಿಡಿತ ಸಡಿಲವಾಗಿ, ಜೋಡಿಗಳು ಸರಿಯಾದ ಸಮಯಕ್ಕೆ ಮುಂಚೆಯೇ ಬಿಟ್ಟು ಅಡ್ಡಾದಿಡ್ಡಿ ಸೇರುತ್ತವೆ. ಹಾಗಾಗಿ 28ರ ತಾಯಂದಿರಲ್ಲಿ ಸುಮಾರು ಸಾವಿರ ಹೆರಿಗೆಗೆ ಒಂದಿದ್ದದ್ದು, 40ಕ್ಕೆ ನೂರಕ್ಕೆ ಒಂದರ ಹತ್ತಿರ ಬರುತ್ತದೆ. ಆದರೆ ನಿಮ್ಮ ವಯಸ್ಸಿನಲ್ಲೂ ಆಗುತ್ತದೆ.

ಅದೇ ತಪ್ಪಿನಿಂದ 22 ಕ್ರೋಮೋಸೋಮಿನ ಅಂಡಾಣುವೂ ಆಗಬಹುದು. ಅದರಿಂದ ಹುಟ್ಟುವ 45ರ ಭ್ರೂಣ ಸಾಮಾನ್ಯವಾಗಿ ಬೇಗನೆ ಗರ್ಭಪಾತವಾಗುತ್ತದೆ. ಬದುಕಿ ಹುಟ್ಟಬಲ್ಲದ್ದು ಒಂದು X ಕಡಿಮೆಯಿರುವ ಟರ್ನರ್ ಸಿಂಡ್ರೋಮ್ ಮಾತ್ರ ಎನ್ನಬಹುದು, ಅದರಲ್ಲೂ ಹೆಚ್ಚಿನ ಭ್ರೂಣಗಳು ಉಳಿಯುವುದಿಲ್ಲ.

ಮುಂದಿನ ಮಗುವಿನ ವಿಚಾರ. 47,XX,+21 ಎಂದರೆ ಹೆಚ್ಚುವರಿ ಕ್ರೋಮೋಸೋಮ್ ಬಿಡಿಯಾಗಿದೆ ಎಂದರ್ಥ. ಹಾಗಾಗಿ ಕ್ರೋಮೋಸೋಮ್‌ಗಳ ಸಂಖ್ಯೆ, ರಚನೆ ನೋಡುವ ಕ್ಯಾರಿಯೋಟೈಪ್ ಪರೀಕ್ಷೆ ನಿಮ್ಮಿಬ್ಬರಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ರಿಪೋರ್ಟ್‌ನಲ್ಲಿ 46 ಎಂದು ಬರೆದು ಪಕ್ಕದಲ್ಲಿ rob ಅಥವಾ der ಎಂದಿದ್ದರೆ, ಆ ತುಂಡು ಬೇರೆ ಕ್ರೋಮೋಸೋಮಿಗೆ ಅಂಟಿಕೊಂಡಿದೆ ಎಂದಾಗುತ್ತಿತ್ತು. ಅದು ತಂದೆ ಅಥವಾ ತಾಯಿಯಿಂದ ಬಂದಿರಬಹುದಾದ್ದರಿಂದ ಆಗ ಇಬ್ಬರನ್ನೂ ಪರೀಕ್ಷಿಸಲೇಬೇಕು.

ನಿಮ್ಮ ವಿಷಯದಲ್ಲಿ ಮತ್ತೆ ಬರುವ ಸಾಧ್ಯತೆ ಸುಮಾರು ಶೇ 1. ಮತ್ತೆ ಗರ್ಭಿಣಿಯಾದಾಗ, ಬೇಕೆನಿಸಿದರೆ, 10 ವಾರ ತುಂಬಿದ ಮೇಲೆ ತಾಯಿಯ ರಕ್ತದಿಂದಲೇ ಮಗುವಿನ ಕ್ರೋಮೋಸೋಮ್ ದೋಷದ ಸುಳಿವು ನೋಡುವ ಎನ್‌ಐಪಿಟಿ ಪರೀಕ್ಷೆ ಮಾಡಿಸಬಹುದು. ಅದು ಸೂಚನೆ ಮಾತ್ರ. ಪಾಸಿಟಿವ್ ಬಂದರೆ 15 ವಾರ ದಾಟಿದ ಮೇಲೆ ಗರ್ಭನೀರಿನ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳದೆ ಯಾವ ತೀರ್ಮಾನಕ್ಕೂ ಬರಬೇಡಿ. ಹೋಗುವಾಗ ಮಗಳ ರಿಪೋರ್ಟ್ ಜೊತೆಗಿರಲಿ.