‘ತಪ್ಪು ಸಂಭವಿಸಿದೆ’ ಎಂದು ಬರೆದರೆ ಸಾಲದೇ?

ಪ್ರಶ್ನೆ: ನಾನು ಬೆಳಗಾವಿಯ ಉದ್ಯಮಬಾಗದ ಒಂದು ಮಷೀನ್ ಶಾಪಿನ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಪುಣೆಯ ಗ್ರಾಹಕರಿಗಾಗಿ ಮಾಡಿದ 240 ವಾಲ್ವ್ ಬಾಡಿಗಳು ಹಳೆಯ ಡ್ರಾಯಿಂಗ್‌ನಂತೆ ತಯಾರಾಗಿವೆ. ಒಂದು ರಂಧ್ರದ ವ್ಯಾಸ 22.5 ಮಿ.ಮೀ. ಇರಬೇಕಿತ್ತು, 22 ಇದೆ. 90 ಬಾಡಿಗಳು ಆಗಲೇ ಅವರನ್ನು ತಲುಪಿವೆ. ಹೊಸ ಡ್ರಾಯಿಂಗ್‌ನ ಮೇಲ್ ನನಗೇ ಬಂದಿತ್ತು. ಅದರ ವಿಷಯದ ಸಾಲಿನಲ್ಲಿ ಬದಲಾವಣೆಯ ಮಾತೇ ಇರಲಿಲ್ಲ ನಿಜ, ಆದರೆ ಮಷೀನ್ ಬಳಿಯ ಹಳೆಯ ಪ್ರಿಂಟನ್ನು ನಾನು ತೆಗೆಸಲಿಲ್ಲ ಎಂಬುದೂ ನಿಜ. ಮಷೀನ್ ನಡೆಸಿದವನು ಹೊಸ ಹುಡುಗ. ನಮ್ಮ ಸಾಹೇಬರು ‘ತಪ್ಪು ಸಂಭವಿಸಿದೆ, ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂದಷ್ಟೇ ಬರೆಸಿದರು. ಈಗ ಗ್ರಾಹಕರು ‘ಏನಾಯಿತು, ಹೊಣೆ ಯಾರದು, ಸ್ಪಷ್ಟವಾಗಿ ಬರೆಯಿರಿ’ ಎಂದು ಕೇಳಿದ್ದಾರೆ. ಹೆಸರು ಬರೆದರೆ ಹುಡುಗನ ಕೆಲಸ ಹೋದೀತು. ಬರೆಯದಿದ್ದರೆ ನಾನೇ ನುಣುಚಿಕೊಂಡಂತೆ. ಏನು ಮಾಡಲಿ?
— ಹೆಸರು ಬೇಡ, ಬೆಳಗಾವಿ

ಉತ್ತರ: ಹುಡುಗನ ಹೆಸರನ್ನು ಬರೆಯಬೇಡಿ, ಆದರೆ ನಿಮ್ಮ ಪಾಲನ್ನು ‘ನಾನು’ ಎಂದೇ ಬರೆಯಿರಿ. ಇವೆರಡೂ ಒಂದೇ ಮೇಲ್‌ನಲ್ಲಿ ಪ್ರಾಮಾಣಿಕವಾಗಿಯೇ ಇರಬಲ್ಲವು. ಎಲ್ಲ ವಾಕ್ಯಗಳೂ ಒಂದೇ ಪ್ರಯೋಗದಲ್ಲಿ ಇರಬೇಕು, ಒಂದೋ ಪೂರ್ತಿ ಕರ್ತರಿ, ಇಲ್ಲವೇ ಪೂರ್ತಿ ಕರ್ಮಣಿ, ಎಂದು ನೀವು ಭಾವಿಸಿರುವುದರಿಂದಲೇ ಇದು ಇಕ್ಕಟ್ಟಾಗಿ ಕಾಣುತ್ತಿದೆ.

ಕರ್ತೃವನ್ನು ಹೇಳದ ವಾಕ್ಯವು ತನ್ನಷ್ಟಕ್ಕೆ ತಪ್ಪಲ್ಲ. ‘ಸರಕನ್ನು ಮಂಗಳವಾರ ರವಾನಿಸಲಾಗಿದೆ’ ಎಂದು ಬರೆದಾಗ ಲಾರಿಗೆ ಯಾರು ಹೇರಿದರೆಂದು ಯಾವ ಗ್ರಾಹಕರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಹಾಗೆಯೇ ಕರ್ಮಣಿ ಪ್ರಯೋಗವನ್ನು ಹುಡುಕಿ ತೆಗೆದುಹಾಕಿದ ಮಾತ್ರಕ್ಕೆ ಮೇಲ್ ನೇರವಾಗುವುದಿಲ್ಲ. ನಿಮ್ಮ ಸಾಹೇಬರು ಬರೆಸಿದ ‘ತಪ್ಪು ಸಂಭವಿಸಿದೆ’ ಎಂಬ ವಾಕ್ಯವನ್ನೇ ನೋಡಿ. ವ್ಯಾಕರಣದ ಲೆಕ್ಕದಲ್ಲಿ ಅದು ಕರ್ತರಿ ಪ್ರಯೋಗವೇ, ಏಕೆಂದರೆ ಅಲ್ಲಿ ತಪ್ಪೇ ಕರ್ತೃಸ್ಥಾನದಲ್ಲಿದೆ. ಆದರೆ ಅದು ಮರೆಮಾಡುವಷ್ಟನ್ನು ಯಾವ ಕರ್ಮಣಿ ವಾಕ್ಯವೂ ಮರೆಮಾಡಲಾರದು. ‘ತಪ್ಪಾಗಿ ಮಾಡಲಾಗಿದೆ’ ಎಂದಿದ್ದರೆ ಮಾಡಿದವರೊಬ್ಬರು ಇದ್ದಾರೆಂಬ ಸುಳಿವಾದರೂ ಉಳಿಯುತ್ತಿತ್ತು. ‘ಸಂಭವಿಸಿದೆ’ ಎಂದಾಗ ಅದು ಮಳೆ ಬಂದಂತೆ ತಾನಾಗಿ ಬಂದುಬಿಡುತ್ತದೆ. ಕನ್ನಡದಲ್ಲಿ ನುಣುಚಿಕೊಳ್ಳುವ ವಾಕ್ಯಗಳು ಹೆಚ್ಚಾಗಿ ಇಂಥ ‘ಆಗಿದೆ’, ‘ಉಳಿದುಹೋಗಿದೆ’, ‘ಕಣ್ತಪ್ಪಿದೆ’ ಎಂಬ ರೂಪಗಳಲ್ಲೇ ಇರುತ್ತವೆ. ಆದ್ದರಿಂದ ಪ್ರಯೋಗ ಯಾವುದೆಂಬುದಕ್ಕಿಂತ ವಾಕ್ಯದಿಂದ ಯಾರು ಹೊರಗುಳಿದರು, ಅದರಿಂದ ಅನುಕೂಲ ಯಾರಿಗಾಯಿತು ಎಂಬುದನ್ನು ಗಮನಿಸಬೇಕು.

ಇದನ್ನು ಪರೀಕ್ಷಿಸಲು ಒಂದು ದಾರಿಯಿದೆ. ಕರ್ತೃವಿಲ್ಲದ ಪ್ರತಿ ವಾಕ್ಯದ ಮುಂದೆ ‘ಯಾರು?’ ಎಂದು ಕೇಳಿ, ಉತ್ತರವನ್ನು ತುಂಬಿ, ಆ ಉತ್ತರ ತಿಳಿದರೆ ಓದುವವರು ಮುಂದೆ ಮಾಡುವ ಕೆಲಸ ಬದಲಾಗುತ್ತದೆಯೇ ಎಂದು ನೋಡಿ. ‘240 ಬಾಡಿಗಳನ್ನು ಹಳೆಯ ರೆವಿಜನ್‌ನಂತೆ ಮಷೀನಿಂಗ್ ಮಾಡಲಾಗಿದೆ’ ಎಂಬ ವಾಕ್ಯಕ್ಕೆ ಉತ್ತರ ಆ ಹುಡುಗ. ಅವನ ಹೆಸರು ತಿಳಿದು ಪುಣೆಯವರು ಮಾಡುವುದೇನೂ ಇಲ್ಲ. ಅವನು ಕಣ್ಣೆದುರಿನ ಪ್ರಿಂಟ್ ನೋಡಿ ಕೆಲಸ ಮಾಡಿದ್ದಾನೆ. ಅವನ ಜಾಗದಲ್ಲಿ ಇಪ್ಪತ್ತು ವರ್ಷ ಅನುಭವವಿದ್ದವರು ನಿಂತಿದ್ದರೂ ಅದೇ ಪ್ರಿಂಟಿನಿಂದ 22 ಮಿ.ಮೀ. ರಂಧ್ರವೇ ಬರುತ್ತಿತ್ತು. ಇಲ್ಲಿ ಕರ್ತೃವನ್ನು ಬಿಡುವುದು ನ್ಯಾಯ, ಏಕೆಂದರೆ ಹೆಸರು ಬರೆದರೆ ಕಾರಣವಲ್ಲದವನನ್ನು ಕಾರಣವಾಗಿ ತೋರಿಸಿದಂತಾಗುತ್ತದೆ.

‘ಹಳೆಯ ಪ್ರಿಂಟನ್ನು ಮಷೀನ್ ಬಳಿಯಿಂದ ತೆಗೆಯಲಾಗಿರಲಿಲ್ಲ’ ಎಂಬ ವಾಕ್ಯಕ್ಕೂ ಅದೇ ಪ್ರಶ್ನೆ ಹಾಕಿ. ಇಲ್ಲಿ ಉತ್ತರ ನೀವು, ಮತ್ತು ಅದು ತಿಳಿದರೆ ಅವರು ಮಾಡುವ ಕೆಲಸ ಖಂಡಿತ ಬದಲಾಗುತ್ತದೆ. ಡ್ರಾಯಿಂಗ್ ಬದಲಾದಾಗ ನಿಮ್ಮಲ್ಲಿ ಅದನ್ನು ಯಾರು ಕೈಗೆತ್ತಿಕೊಳ್ಳುತ್ತಾರೆ, ಇನ್ನು ಮುಂದೆ ಯಾರಿಗೆ ತಿಳಿಸಬೇಕು, ಅವರ ಬೇರೆ ಭಾಗಗಳ ಹಳೆಯ ಪ್ರಿಂಟ್‌ಗಳೂ ನಿಮ್ಮ ಶಾಪಿನಲ್ಲಿ ಹಾಗೆಯೇ ಉಳಿದಿವೆಯೇ ಎಂಬ ಪ್ರಶ್ನೆಗಳೆಲ್ಲ ಈ ಒಂದು ಉತ್ತರದ ಹಿಂದಿವೆ. ಇಲ್ಲಿ ಕರ್ತೃವನ್ನು ಬಿಟ್ಟರೆ ಅದರಿಂದ ಅನುಕೂಲವಾಗುವುದು ಬರೆದ ನಿಮಗೆ ಮಾತ್ರ. ಇನ್ನೊಬ್ಬರನ್ನು ರಕ್ಷಿಸಲೆಂದು ಕೈಬಿಟ್ಟ ಕರ್ತೃ ಮತ್ತು ತನ್ನನ್ನು ರಕ್ಷಿಸಿಕೊಳ್ಳಲೆಂದು ಕೈಬಿಟ್ಟ ಕರ್ತೃ ಒಂದೇ ರೂಪದ ವಾಕ್ಯದಲ್ಲಿ ಕುಳಿತಿರುತ್ತವೆ, ಆದ್ದರಿಂದ ವಾಕ್ಯವನ್ನು ನೋಡಿದ ಮಾತ್ರಕ್ಕೆ ವ್ಯತ್ಯಾಸ ಕಾಣುವುದಿಲ್ಲ.

ಅನುಭವಿ ಗ್ರಾಹಕರು ಇದನ್ನು ಹಿಡಿಯುವುದು ಬೇರೆ ಕಡೆಯಿಂದ. ‘ನಾವು ಮೊದಲ ಕಂತನ್ನು ಸಮಯಕ್ಕೆ ಸರಿಯಾಗಿ ಕಳುಹಿಸಿದ್ದೇವೆ’ ಎಂದು ಒಳ್ಳೆಯ ಸುದ್ದಿಯಲ್ಲೆಲ್ಲ ‘ನಾವು’ ಇದ್ದು, ದೋಷದ ಮಾತು ಬಂದ ಕೂಡಲೇ ‘ನಾವು’ ಕಾಣೆಯಾದರೆ, ಪ್ರಯೋಗ ಬದಲಾದ ಆ ಜಾಗದಲ್ಲೇ ಅವರ ಕಣ್ಣು ನಿಲ್ಲುತ್ತದೆ. ನಿಮ್ಮ ಹಳೆಯ ಮೇಲ್‌ಗಳನ್ನು ಒಮ್ಮೆ ಈ ದೃಷ್ಟಿಯಿಂದ ಓದಿ ನೋಡಿ.

ಸಾರ್ವಜನಿಕ ಜೀವನದಲ್ಲಿ ಇದಕ್ಕೆ ಒಂದು ಪ್ರಸಿದ್ಧ ಉದಾಹರಣೆಯಿದೆ. ಇರಾನಿಗೆ ಶಸ್ತ್ರಾಸ್ತ್ರ ಮಾರಿದ ಹಗರಣದ ಬಗ್ಗೆ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ 1987ರ ಜನವರಿಯ ಭಾಷಣದಲ್ಲಿ ಗಂಭೀರ ತಪ್ಪುಗಳು ಮಾಡಲ್ಪಟ್ಟವು ಎಂಬ ಅರ್ಥದ ಕರ್ಮಣಿ ವಾಕ್ಯವನ್ನು ಬಳಸಿದರು. ಅದರಿಂದ ಪ್ರಶ್ನೆಗಳು ನಿಲ್ಲಲಿಲ್ಲ. ಮಾರ್ಚ್ 4ರಂದು ಅವರು ಮತ್ತೆ ದೇಶವನ್ನುದ್ದೇಶಿಸಿ ಮಾತನಾಡಿ, ತಮ್ಮ ಕೃತ್ಯಗಳಿಗೂ ತಮ್ಮ ಆಡಳಿತದ ಕೃತ್ಯಗಳಿಗೂ ಪೂರ್ಣ ಹೊಣೆ ತಮ್ಮದೇ ಎಂದು ಉತ್ತಮ ಪುರುಷದಲ್ಲಿ ಹೇಳಬೇಕಾಯಿತು. ನಿಮ್ಮ ಗ್ರಾಹಕರು ಎರಡನೆಯ ಬಾರಿ ಬರೆದು ಕೇಳಿರುವುದೂ ಇಂಥದೇ ವಾಕ್ಯವನ್ನು.

ಆದರೆ ಸಾಹೇಬರ ಸಾಲಿನಲ್ಲಿ ನನಗೆ ಹೆಚ್ಚು ಕಳವಳ ತಂದಿದ್ದು ಅದರ ದ್ವಿತೀಯಾರ್ಧ. ನಡೆದುಹೋದದ್ದರ ಬಗ್ಗೆ ಕರ್ತೃವಿಲ್ಲದೆ ಬರೆಯಲು ಕೆಲವೊಮ್ಮೆ ಸಕಾರಣವಿರುತ್ತದೆ. ಮುಂದೆ ಮಾಡಬೇಕಾದದ್ದರ ಬಗ್ಗೆ ಹಾಗೆ ಬರೆಯಲು ಸಕಾರಣ ಸಿಗುವುದು ತೀರ ವಿರಳ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬಲ್ಲಿ ಕ್ರಮ ಯಾವುದೆಂಬುದಿಲ್ಲ, ಯಾರು ಎಂಬುದಿಲ್ಲ, ಯಾವಾಗ ಎಂಬುದೂ ಇಲ್ಲ. ಸರ್ಕಾರಿ ಪತ್ರಗಳನ್ನು ಓದಿ ಓದಿ ನಮಗೆಲ್ಲ ಅದು ಗೌರವದ ಭಾಷೆಯೆಂದು ರೂಢಿಯಾಗಿದೆ. ಗ್ರಾಹಕರು ದೋಷದ ಬಗ್ಗೆ 8ಡಿ ಎಂಬ ಹಂತಹಂತದ ವರದಿ ಕೇಳಿದರೆ ಆ ಸಾಲು ಅಲ್ಲಿ ನಿಲ್ಲುವುದಿಲ್ಲ. ಆ ವರದಿಯಲ್ಲಿ ತಾತ್ಕಾಲಿಕ ತಡೆ, ಮೂಲ ಕಾರಣ, ಶಾಶ್ವತ ಪರಿಹಾರ ಎಂದು ಬೇರೆ ಬೇರೆ ಹಂತಗಳಿರುತ್ತವೆ, ಮತ್ತು ಪ್ರತಿ ಪರಿಹಾರದ ಎದುರು ಹೊಣೆ ಹೊತ್ತವರನ್ನೂ ಮುಗಿಸುವ ದಿನಾಂಕವನ್ನೂ ತುಂಬಲು ಸಾಮಾನ್ಯವಾಗಿ ಜಾಗವಿರುತ್ತದೆ. ಅದೇ ವರದಿಯ ಮೂಲ ಕಾರಣದ ಜಾಗದಲ್ಲಿ ‘ಆಪರೇಟರ್‌ನ ಅಜಾಗರೂಕತೆ’ ಎಂದು ಬರೆದರೆ ಒಳ್ಳೆಯ ಗ್ರಾಹಕರು ಒಪ್ಪದೆ ಮರಳಿಸುತ್ತಾರೆ, ಏಕೆಂದರೆ ಅದು ತಪ್ಪು ಮಾಡಿದವನನ್ನು ತೋರಿಸುತ್ತದೆಯೇ ಹೊರತು ತಪ್ಪು ಮತ್ತೆ ಆಗದಂತೆ ತಡೆಯುವ ದಾರಿಯನ್ನು ತೋರಿಸುವುದಿಲ್ಲ.

ಹಾಗಾದರೆ ಮೇಲ್ ಹೇಗಿರಬೇಕು? ನೀವು ಇಂಗ್ಲಿಷಿನಲ್ಲಿ ಬರೆಯುವಿರಾದರೂ ವಾಕ್ಯಗಳ ಕಟ್ಟು ಹೀಗಿರಲಿ:

‘ನಾವು 240 ವಾಲ್ವ್ ಬಾಡಿಗಳನ್ನು ಹಳೆಯ ರೆವಿಜನ್‌ನಂತೆ ತಯಾರಿಸಿದ್ದೇವೆ. ಅವುಗಳಲ್ಲಿ 22.5 ಮಿ.ಮೀ. ಇರಬೇಕಾದ ರಂಧ್ರ 22 ಮಿ.ಮೀ. ಇದೆ. ಪರಿಷ್ಕೃತ ಡ್ರಾಯಿಂಗ್ ನನಗೆ ತಲುಪಿತ್ತು, ಆದರೆ ಮಷೀನ್ ಬಳಿಯ ಹಳೆಯ ಪ್ರಿಂಟನ್ನು ನಾನು ಹಿಂಪಡೆಯಲಿಲ್ಲ. ನಮ್ಮಲ್ಲಿರುವ 150 ಬಾಡಿಗಳನ್ನು ನಾವು ಪ್ರತ್ಯೇಕಿಸಿ ಇಟ್ಟಿದ್ದೇವೆ. ತಮ್ಮಲ್ಲಿರುವ 90 ಬಾಡಿಗಳನ್ನು ಜೋಡಣೆಗೆ ಬಳಸದೆ ತಡೆಹಿಡಿಯಬೇಕೆಂದು ಕೋರುತ್ತೇವೆ. ರಂಧ್ರ ಚಿಕ್ಕದಾಗಿರುವುದರಿಂದ ಅದನ್ನು 22.5ಕ್ಕೆ ಹಿಗ್ಗಿಸಲು ಸಾಧ್ಯವಿದೆ. ತಾವು ಒಪ್ಪಿದರೆ 5 ಬಾಡಿಗಳನ್ನು ಮೊದಲು ಸರಿಪಡಿಸಿ, ಅಳತೆಯ ವರದಿಯೊಡನೆ ಇದೇ 18ರೊಳಗೆ ನಾನು ಕಳುಹಿಸುತ್ತೇನೆ. ತಮ್ಮ ಉಳಿದ ಎಲ್ಲ ಭಾಗಗಳ ಪ್ರಿಂಟ್‌ಗಳನ್ನು ಚಾಲ್ತಿಯ ರೆವಿಜನ್‌ನೊಡನೆ ತಾಳೆ ನೋಡಿ 20ರೊಳಗೆ ನಾನು ಪಟ್ಟಿ ಕೊಡುತ್ತೇನೆ.’

ಇಲ್ಲಿ ಮೊದಲ ವಾಕ್ಯದ ‘ನಾವು’ ಹುಡುಗನನ್ನು ಒಳಗೊಂಡಿದೆ, ಆದರೆ ಅವನನ್ನು ಬೊಟ್ಟು ಮಾಡುವುದಿಲ್ಲ. ಹೊರಗಿನವರ ಎದುರು ತಯಾರಿಸಿದ್ದು ಕಂಪನಿಯೇ ಆದ್ದರಿಂದ ಆ ಕರ್ತೃ ಸುಳ್ಳೂ ಅಲ್ಲ. ಇಲ್ಲಿ ‘ತಯಾರಿಸಲಾಗಿದೆ’ ಎಂದಿದ್ದರೂ ನಾನು ಆಕ್ಷೇಪಿಸುತ್ತಿರಲಿಲ್ಲ, ಆದರೆ ಕೇಳಿದವರಿಗೆ ಮೊದಲ ಮಾತಿನಲ್ಲೇ ‘ನಾವು’ ಎಂದು ಕೇಳಿಸಿದರೆ ಉಳಿದ ಮೇಲನ್ನು ಅವರು ನಂಬಿಕೆಯಿಂದ ಓದುತ್ತಾರೆ.

ವಿಷಯದ ಸಾಲಿನಲ್ಲಿ ಬದಲಾವಣೆಯ ಸೂಚನೆ ಇರಲಿಲ್ಲವೆಂಬ ಸಂಗತಿಯನ್ನು ಮುಚ್ಚಿಡಬೇಕಾಗಿಲ್ಲ. ಆದರೆ ‘ನೀವು ನಮೂದಿಸಲಿಲ್ಲ’ ಎಂದು ಬರೆದರೆ ಅವರು ನಿಮ್ಮ ದೋಷವನ್ನು ಬಿಟ್ಟು ತಮ್ಮ ರಕ್ಷಣೆಗೆ ನಿಲ್ಲುತ್ತಾರೆ. ಕರ್ತೃವನ್ನು ಬಿಡುವುದು ನಿಜವಾದ ಸೌಜನ್ಯವಾಗುವುದು ಇಂಥ ಕಡೆಯಲ್ಲಿ. ‘ಆ ಮೇಲ್‌ನ ವಿಷಯದ ಸಾಲಿನಲ್ಲಿ ರೆವಿಜನ್ ಬದಲಾವಣೆಯ ಸೂಚನೆ ಇರಲಿಲ್ಲ. ಇನ್ನು ಮುಂದೆ ಅಲ್ಲಿಯೇ ಅದು ಇದ್ದರೆ ನಮಗೆ ಅನುಕೂಲ’ ಎಂದು ಬರೆಯಿರಿ. ಇದನ್ನು ನಿಮ್ಮ ತಪ್ಪಿನ ವಾಕ್ಯಕ್ಕೆ ‘ಏಕೆಂದರೆ’ ಎಂದು ಅಂಟಿಸದೆ ಮೇಲ್‌ನ ಕೊನೆಯಲ್ಲಿ, ಕೋರಿಕೆಯಾಗಿ, ಪ್ರತ್ಯೇಕವಾಗಿ ಇಡಿ. ಅಂಟಿಸಿದ ಕೂಡಲೇ ‘ನಾನು’ ಎಂದು ಒಪ್ಪಿಕೊಂಡದ್ದು ನೆಪವಾಗಿ ಬದಲಾಗುತ್ತದೆ.

ಈ ಮೇಲನ್ನು ಸಾಹೇಬರಿಗೆ ತೋರಿಸದೆ ಕಳುಹಿಸಬೇಡಿ. ಸಾಗಾಣಿಕೆಯ ವೆಚ್ಚ, ಮರುಕೆಲಸದ ಖರ್ಚು, ದಂಡ ಇವುಗಳನ್ನು ಯಾರು ಭರಿಸಬೇಕೆಂಬುದು ಕಂಪನಿಯ ತೀರ್ಮಾನ. ಏನು ನಡೆಯಿತೆಂದು ಬರೆಯುವ ಅಧಿಕಾರ ನಿಮಗಿದೆ, ನಷ್ಟ ತುಂಬುತ್ತೇವೆಂದು ಬರೆಯುವ ಅಧಿಕಾರವಿಲ್ಲ. ಅವರು ‘ನಾನು’ ಎಂಬುದನ್ನು ತೆಗೆದು ‘ಕ್ವಾಲಿಟಿ ವಿಭಾಗವು ಹಳೆಯ ಪ್ರಿಂಟನ್ನು ಹಿಂಪಡೆಯಲಿಲ್ಲ’ ಎಂದು ಮಾಡಿದರೆ ಒಪ್ಪಿಕೊಳ್ಳಿ, ಅಲ್ಲಿ ಕರ್ತೃ ಉಳಿದಿದೆ. ಮತ್ತೆ ‘ಸಂಭವಿಸಿದೆ’ ಎಂದು ತಿದ್ದಿದರೆ ಮಾತ್ರ, ಗ್ರಾಹಕರು ಎರಡನೆಯ ಬಾರಿ ಕೇಳಿದ್ದು ಅದೇ ಶಬ್ದದ ಕಾರಣದಿಂದ ಎಂಬುದನ್ನು ಅವರ ಮೇಲ್ ತೆರೆದು ತೋರಿಸಿ.

ಕಂಪನಿಯ ಒಳಗಿನ ವರದಿಯಲ್ಲಿ ಹುಡುಗನ ಹೆಸರು ಬರಬಹುದು, ಮಷೀನಿನ ದಿನದ ದಾಖಲೆಯಲ್ಲಿ ಅದು ಹೇಗೂ ಇರುತ್ತದೆ. ಅಲ್ಲಿ ಅವನನ್ನು ಕಾಯಲು ಕರ್ಮಣಿ ಪ್ರಯೋಗ ಸಾಲದು, ಕರ್ತರಿಯಲ್ಲೇ ಪೂರ್ತಿ ಬರೆಯಿರಿ: ‘ಅವನು ತನಗೆ ಕೊಟ್ಟ ಪ್ರಿಂಟಿನಂತೆ ಕೆಲಸ ಮಾಡಿದ್ದಾನೆ. ಆ ಪ್ರಿಂಟನ್ನು ಬದಲಿಸಬೇಕಾದವಳು ನಾನು.’ ಅವನ ಕೆಲಸದ ಮಾತು ಎದ್ದರೆ ಹಳೆಯ ಪ್ರಿಂಟ್, ಅದರ ಮೇಲಿನ ರೆವಿಜನ್ ಅಕ್ಷರ ಮತ್ತು ನಿಮಗೆ ಬಂದ ಮೇಲ್‌ನ ದಿನಾಂಕ, ಈ ಮೂರನ್ನೂ ಆ ವರದಿಗೆ ಲಗತ್ತಿಸಿ ಕೊಡಿ.