ಚೀಟಿಯ ಗಡಿಯಾರ, ಗ್ರಾಹಕರ ಗಡಿಯಾರ

ಪ್ರಶ್ನೆ: ನಮ್ಮ ರೆಸ್ಟೋರೆಂಟ್‌ಗೆ ಒಬ್ಬರು ಗೂಗಲ್‌ನಲ್ಲಿ ಒಂದೇ ಸ್ಟಾರ್ ಕೊಟ್ಟು, ‘ಶನಿವಾರ ರಾತ್ರಿ ಊಟಕ್ಕೆ ಒಂದು ಗಂಟೆ ಕಾದೆವು, ಯಾರೂ ತಿರುಗಿ ನೋಡಲಿಲ್ಲ, ನಾಚಿಕೆಗೇಡು’ ಎಂದು ಬರೆದಿದ್ದಾರೆ. ಅಡುಗೆಮನೆಗೆ ಹೋದ ಆರ್ಡರ್ ಚೀಟಿಯ ಪ್ರಕಾರ ಊಟ ಬಡಿಸಲು ಹಿಡಿದದ್ದು 38 ನಿಮಿಷ. ಇದನ್ನೇ ಉತ್ತರದಲ್ಲಿ ಬರೆಯಲೇ?

ಉತ್ತರ: ಬೇಡ. ನಿಮ್ಮ ಚೀಟಿ ಸುಳ್ಳು ಹೇಳುತ್ತಿಲ್ಲ, ಅವರೂ ಹೇಳುತ್ತಿಲ್ಲ. ಚೀಟಿಯ ಗಡಿಯಾರ ಓಡಲಾರಂಭಿಸುವುದು ಆರ್ಡರ್ ಅಚ್ಚಾದಾಗ. ಗ್ರಾಹಕರ ಗಡಿಯಾರ ಓಡುವುದು ಕುರ್ಚಿ ಎಳೆದು ಕೂತ ಕ್ಷಣದಿಂದ. ಆ ರಾತ್ರಿ ಬಡಿಸಿದವರನ್ನು ಕೇಳಿ: ಆರ್ಡರ್ ಬರೆದುಕೊಳ್ಳಲು ಎಷ್ಟು ಹೊತ್ತಿಗೆ ಹೋದರು? 15 ನಿಮಿಷ ತಡವಾಗಿದ್ದರೆ, ಅಲ್ಲಿಗೆ 53 ಆಯಿತು. ಹಸಿದವರಿಗೆ ಅದು ಒಂದು ಗಂಟೆಯೇ. ಹಾಗಿದ್ದರೆ ತಪ್ಪು ಒಲೆಯ ಬಳಿಯಲ್ಲಷ್ಟೇ ಆಗಿಲ್ಲ, ಮೇಜಿನ ಬಳಿಯೂ ಆಗಿದೆ. ‘ಯಾರೂ ತಿರುಗಿ ನೋಡಲಿಲ್ಲ’ ಎಂಬುದೇ ನಿಜವಾದ ದೂರು.

ಇಷ್ಟು ತಿಳಿದ ಮೇಲೆ ಬರೆಯಲು ಕೂರಿ, ಸಿಟ್ಟು ಇಳಿದ ಮೇಲೆ. ನಾನಾದರೆ ಹೀಗೆ ಬರೆಯುತ್ತೇನೆ:

‘ನಮಸ್ಕಾರ. ಶನಿವಾರ ರಾತ್ರಿ ನಿಮ್ಮನ್ನು ಅಷ್ಟು ಹೊತ್ತು ಕಾಯಿಸಿದ್ದಕ್ಕೆ, ತಡವಾಗುತ್ತದೆ ಎಂದು ಯಾರೂ ಬಂದು ಹೇಳದೇ ಹೋದದ್ದಕ್ಕೆ ಕ್ಷಮೆ ಕೋರುತ್ತೇನೆ. ವಿಚಾರಿಸಿದೆ, ಆರ್ಡರ್ ತೆಗೆದುಕೊಳ್ಳುವುದೇ ತಡವಾಗಿತ್ತು. ವಾರಾಂತ್ಯದ ರಾತ್ರಿ ಈಗ ಒಬ್ಬರನ್ನು ಈ ಕೆಲಸಕ್ಕೆಂದೇ ನಿಲ್ಲಿಸಿದ್ದೇವೆ. ಇನ್ನೇನಾದರೂ ಹೇಳುವುದಿದ್ದರೆ ದಯವಿಟ್ಟು ಕರೆ ಮಾಡಿ, ನಾನೇ ಮಾತನಾಡುತ್ತೇನೆ. — ಮಾಲೀಕರು’

38 ನಿಮಿಷದ ಸುದ್ದಿ ಇದರಲ್ಲಿ ಇಲ್ಲ. ‘ಅಂದು ತುಂಬಾ ರಶ್ ಇತ್ತು’ ಎಂಬುದೂ ಇಲ್ಲ. ಅದನ್ನು ಓದಿದವರು ರಶ್ ಇರುವ ದಿನ ಇಲ್ಲಿಗೆ ಬರಬಾರದು ಎಂದುಕೊಳ್ಳುತ್ತಾರೆ, ಅಷ್ಟೇ. ‘ನಿಮಗೆ ಬೇಸರವಾಗಿದ್ದರೆ ಕ್ಷಮಿಸಿ’ ಎಂದೂ ಬರೆಯಬೇಡಿ. ಆ ‘ಆಗಿದ್ದರೆ’ ಕ್ಷಮೆಯನ್ನೇ ನುಂಗಿಹಾಕುತ್ತದೆ. ಒಬ್ಬರನ್ನು ನಿಲ್ಲಿಸಿದ್ದೇವೆ ಎಂಬ ಸಾಲು ಮಾತ್ರ ನಿಜವಾಗಿ ನಿಲ್ಲಿಸಿದ್ದರಷ್ಟೇ ಇರಲಿ. ಮುಂದಿನ ಶನಿವಾರ ಮತ್ತೊಬ್ಬರು ಇದೇ ದೂರು ಬರೆದರೆ, ಎರಡೂ ಒಂದರ ಕೆಳಗೊಂದು ಕಾಣುತ್ತವೆ.

ಒಂದು ಊಟ ಉಚಿತವಾಗಿ ಕೊಡುತ್ತೇವೆ, ವಿಮರ್ಶೆ ತೆಗೆಯಿರಿ ಎಂಬ ಚೌಕಾಸಿಗೆ ಇಳಿಯಬೇಡಿ. ಅದು ಗೂಗಲ್‌ನ ನಿಯಮಕ್ಕೆ ವಿರುದ್ಧ. ವಿಮರ್ಶೆಯ ಬಗ್ಗೆ ಗೂಗಲ್‌ಗೆ ದೂರು ಕೊಟ್ಟೂ ಪ್ರಯೋಜನವಿಲ್ಲ: ನಿಜವಾಗಿ ಬಂದು ಉಂಡವರ ಅಸಮಾಧಾನವನ್ನು, ಖಾರವಾಗಿದೆ ಎಂಬ ಕಾರಣಕ್ಕಷ್ಟೇ ಗೂಗಲ್ ಅಳಿಸುವುದಿಲ್ಲ. ನಿಮ್ಮ ಉತ್ತರ ಓದಿ ಅವರೇ ಸ್ಟಾರ್ ಬದಲಿಸಬಹುದು, ಬದಲಿಸದೆಯೂ ಇರಬಹುದು. ಅವರು ಅಲ್ಲೇ ಮರುಮಾತು ಬೆಳೆಸಿದರೆ ಫೋನಿನಲ್ಲಿ ಮುಂದುವರಿಸಿ, ಮೇಜಿನ ಸಂಖ್ಯೆ, ಬಿಲ್ಲಿನ ವಿವರಗಳನ್ನು ಎಲ್ಲರೆದುರು ಹಾಕಬೇಡಿ.