ರಿಟೆನ್ಷನ್ ಬೋನಸ್ ಪತ್ರಕ್ಕೆ ಸಹಿ ಹಾಕುವ ಮುನ್ನ ಏನೇನು ನೋಡಬೇಕು?

"ಬೆಂಗಳೂರಿನ ಕಂಪನಿಗೆ ಶಿರಸಿಯ ಮನೆಯಿಂದಲೇ ಕೆಲಸ ಮಾಡುತ್ತೇನೆ. 2026ರ ಮಾರ್ಚ್ ಸಂಬಳದ ಜೊತೆ 3 ಲಕ್ಷ ರಿಟೆನ್ಷನ್ ಬೋನಸ್ ಕೊಡುತ್ತಾರಂತೆ. 2027ರ ಮಾರ್ಚ್ 31ರೊಳಗೆ ಬಿಟ್ಟರೆ ಪೂರ್ತಿ ವಾಪಸ್ ಕೊಡಬೇಕು. ತೆರಿಗೆಯಲ್ಲಿ ನಾನು ಶೇ. 20ರ ಹಂತದಲ್ಲಿದ್ದೇನೆ. ಸಹಿ ಹಾಕಬಹುದೇ?"

ಹಾಕಬಹುದು, ಆದರೆ ಈಗಿರುವ ರೂಪದಲ್ಲಿ ಬೇಡ. ಹಲವು ವರ್ಷ ಸಂಬಳ ವಿಭಾಗದಲ್ಲಿದ್ದು ಇಂಥ ಪತ್ರಗಳ ವಸೂಲಿ ಲೆಕ್ಕ ಮಾಡಿದವನು ನಾನು. ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಮೊತ್ತವಲ್ಲ, ಮಾರ್ಚ್ ತಿಂಗಳು.

ಬೋನಸ್ ಎಂದರೆ ಸಂಬಳವೇ. ಕೈಗೆ ಬಂದ ವರ್ಷದಲ್ಲೇ ತೆರಿಗೆ. ಶೇ. 20ಕ್ಕೆ ಸೆಸ್ ಸೇರಿ 20.8 ಎಂದುಕೊಂಡರೆ 62,400 ರೂಪಾಯಿ ಟಿಡಿಎಸ್ ಹೋಗಿ ನಿಮ್ಮ ಖಾತೆಗೆ ಬೀಳುವುದು 2,37,600. ಡಿಸೆಂಬರ್ ಕೊನೆಗೆ ಕೆಲಸ ಬಿಟ್ಟಿರಿ ಎನ್ನಿ. ಪತ್ರದಲ್ಲಿ "ಪೂರ್ತಿ ಮೊತ್ತ" ಎಂದಿರುವುದರಿಂದ ಕಂಪನಿ ಕೇಳುವುದು 3 ಲಕ್ಷ. ನೀವು ಕಾಣದೇ ಇದ್ದ 62,400ನ್ನೂ ಸ್ವಂತ ಜೇಬಿನಿಂದ ತೆರಬೇಕು. ಕಂಪನಿಯದು ತಪ್ಪೆಂದು ಹೇಳುವಂತೆಯೂ ಇಲ್ಲ, ಅದು ನಿಮ್ಮ ಹೆಸರಿನಲ್ಲಿ ಆ ಹಣವನ್ನು ಸರ್ಕಾರಕ್ಕೆ ಕಟ್ಟಿ ಮುಗಿಸಿರುತ್ತದೆ. ಹಿಂದಿನ ಆರ್ಥಿಕ ವರ್ಷದ ಲೆಕ್ಕ ಮುಚ್ಚಿದ ಮೇಲೆ ಆ ತೆರಿಗೆಯನ್ನು ಮರಳಿ ಪಡೆಯುವುದಕ್ಕೆ ಸುಲಭದ ದಾರಿಯಿಲ್ಲ. ತೆರಿಗೆ ಸಲಹೆಗಾರರಿಗೆ ಫೀ ಕೊಟ್ಟು ವಾದ ಮಾಡಬೇಕಾದ ವಿಷಯ ಅದು.

ಅದೇ ಬೋನಸ್ ಒಂದು ತಿಂಗಳು ತಡವಾಗಿ, ಏಪ್ರಿಲ್ ಸಂಬಳದ ಜೊತೆ ಬಂದರೆ ಚಿತ್ರವೇ ಬದಲು. ಪಡೆದದ್ದೂ ಹಿಂದಿರುಗಿಸುವುದೂ ಒಂದೇ ಆರ್ಥಿಕ ವರ್ಷಕ್ಕೆ ಬರುತ್ತವೆ. ಕೊನೆಯ ಲೆಕ್ಕಾಚಾರದಲ್ಲಿ ಕಂಪನಿ 3 ಲಕ್ಷವನ್ನು ವರ್ಷದ ಸಂಬಳದಿಂದಲೇ ಕಳೆದು ತೋರಿಸಬಹುದು, ಹೆಚ್ಚುವರಿ ಟಿಡಿಎಸ್ ಅಲ್ಲೇ ಹೊಂದಿಕೊಳ್ಳುತ್ತದೆ ಅಥವಾ ರಿಟರ್ನ್ ಸಲ್ಲಿಸಿದಾಗ ಮರಳಿ ಬರುತ್ತದೆ. ಮಾರ್ಚ್ 31ರೊಳಗೆ ಹಣ ಹಿಂದಿರುಗಿಸಿರಬೇಕು, ಅಷ್ಟೇ. ಹಾಗಾಗಿ ಏಪ್ರಿಲ್‌ಗೆ ಬದಲಾಯಿಸಿ ಎಂದು ಕೇಳಿ. ಬಜೆಟ್ ಆ ವರ್ಷದ್ದೇ ಎಂದು ಕಂಪನಿ ಹಟ ಹಿಡಿದರೆ "ಟಿಡಿಎಸ್ ಕಳೆದು ಕೈಗೆ ಬಂದ ಮೊತ್ತ ಮಾತ್ರ ವಾಪಸ್" ಎಂದು ಬರೆಸಿಕೊಳ್ಳಿ.

ಇನ್ನು "ಪೂರ್ತಿ" ಎಂಬುದರ ಬಗ್ಗೆ. ಅಡಿಕೆ ವಖಾರಿಯಲ್ಲಿ ಮುಂಗಡ ತಂದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ, ಮಾಲು ಹಾಕುವವರೆಗೆ ಅದು ಸಾಲವೇ. ಆದರೆ ವಖಾರಿಯವರೂ ಹಾಕಿದಷ್ಟು ಮಾಲನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ನಿಮ್ಮ ಪತ್ರ ಹಿಡಿಯುತ್ತಿಲ್ಲ. ಹನ್ನೆರಡು ತಿಂಗಳಲ್ಲಿ ಒಂಬತ್ತು ದುಡಿದು ಹೋದರೂ 3 ಲಕ್ಷ! ಉಳಿದ ತಿಂಗಳಿಗೆ ತಕ್ಕಂತೆ ಎಂದು ಬರೆದರೆ ಅದೇ ಡಿಸೆಂಬರ್‌ನಲ್ಲಿ 75,000ಕ್ಕೆ ಮುಗಿಯುತ್ತದೆ. ನನ್ನ ಅನುಭವದಲ್ಲಿ ಎಚ್‌ಆರ್‌ನವರು ಎಲ್ಲಕ್ಕಿಂತ ಬೇಗ ಒಪ್ಪುವ ತಿದ್ದುಪಡಿ ಇದು.

"ಬಿಟ್ಟರೆ" ಎಂದರೆ ಯಾವ ದಿನ ಎಂಬುದನ್ನೂ ನೋಡಿ. ನಾನು ಕಂಡ ಒಬ್ಬರು ಮಾರ್ಚ್ ಮೊದಲ ವಾರ ರಾಜೀನಾಮೆ ಕೊಟ್ಟು, ನೋಟಿಸ್ ಅವಧಿ ಮೇ ತನಕ ಇದೆ, ಗಡುವು ದಾಟಿತು ಎಂದು ನಿಶ್ಚಿಂತರಾಗಿದ್ದರು. ಪತ್ರ ಎಣಿಸಿದ್ದು ರಾಜೀನಾಮೆ ಕಳುಹಿಸಿದ ದಿನವನ್ನು. ಪೂರ್ತಿ ವಸೂಲಿ.

ಶಿರಸಿಯಲ್ಲಿ ಕೂತು ಕೆಲಸ ಮಾಡುವ ನಿಮಗೆ ಇನ್ನೊಂದು ಪ್ರಶ್ನೆಯಿದೆ. ಜುಲೈ ಮಳೆಯಲ್ಲಿ ನಾಲ್ಕು ದಿನ ಕರೆಂಟ್ ಇಲ್ಲದೆ ಸಭೆಗಳು ತಪ್ಪಿದವು, ಇನ್ನು ಬೆಂಗಳೂರಿಗೇ ಬನ್ನಿ ಎಂದರು, ನೀವು ಒಲ್ಲೆ ಎಂದಿರಿ. ಅದು ರಾಜೀನಾಮೆಯೋ, ಕಂಪನಿ ಕಳುಹಿಸಿದ್ದೋ? ಪತ್ರದಲ್ಲಿ "ಯಾವುದೇ ಕಾರಣದಿಂದ ಸೇವೆ ಕೊನೆಗೊಂಡರೆ" ಎಂದಿದ್ದರೆ ಅವರೇ ಹುದ್ದೆ ರದ್ದು ಮಾಡಿದರೂ ಹಣ ನೀವೇ ಕೊಡಬೇಕಾಗುತ್ತದೆ. ಸ್ವಂತ ಇಚ್ಛೆಯ ರಾಜೀನಾಮೆ ಮತ್ತು ದುರ್ನಡತೆಯ ವಜಾ, ಈ ಎರಡಕ್ಕೆ ಮಾತ್ರ ಷರತ್ತು ಸೀಮಿತವಾಗಲಿ. ಕೆಲಸದ ಸ್ಥಳ ಬದಲಾಯಿಸಿದ್ದಕ್ಕೆ ಬಿಟ್ಟರೆ ವಸೂಲಿಯಿಲ್ಲ ಎಂಬ ಸಾಲು ಬೇರೆಯಾಗಿ ಇರಲಿ.

"ಇಂಥ ಬಾಂಡ್ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಧೈರ್ಯವಾಗಿ ಸಹಿ ಹಾಕು" ಎನ್ನುವವರು ಸಿಗುತ್ತಾರೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷದೊಳಗೆ ಬಿಟ್ಟ ಅಧಿಕಾರಿಯಿಂದ 2 ಲಕ್ಷ ಪಡೆಯುವ ಷರತ್ತನ್ನು ಎತ್ತಿಹಿಡಿದಿದೆ. ಅಲ್ಲಿ ಬ್ಯಾಂಕ್ ಮುಂಗಡವಾಗಿ ಬೋನಸ್ ಕೊಟ್ಟಿರಲೂ ಇಲ್ಲ. ನಿಮಗೆ ಹಣವನ್ನೇ ಕೊಟ್ಟು ವಾಪಸ್ ಕೇಳುವಾಗ ಅವರ ಕೈ ಇನ್ನೂ ಗಟ್ಟಿ.

ಎಚ್‌ಆರ್‌ಗೆ ಇಷ್ಟು ಬರೆಯಿರಿ: "ಪಾವತಿಯನ್ನು ಏಪ್ರಿಲ್ ಸಂಬಳದ ಜೊತೆ ಮಾಡಿ, ವಸೂಲಿಯನ್ನು ಉಳಿದ ತಿಂಗಳಿಗೆ ತಕ್ಕಂತೆ ಮಿತಿಗೊಳಿಸಿ, ದುರ್ನಡತೆಯಲ್ಲದ ಕಾರಣಕ್ಕೆ ಕಂಪನಿಯೇ ಸೇವೆ ಕೊನೆಗೊಳಿಸಿದರೆ ಅಥವಾ ಕೆಲಸದ ಸ್ಥಳ ಬದಲಾಯಿಸಿದರೆ ವಸೂಲಿಯಿಲ್ಲ ಎಂದು ಸೇರಿಸಿ." ಆಯಿತು ಎಂದು ಮೇಲ್ ಬಂದರೆ ಸಾಲದು. ಬಹಳ ಪತ್ರಗಳ ಕೊನೆಯಲ್ಲಿ, ಈ ಪತ್ರವೇ ಅಂತಿಮ, ಹಿಂದಿನ ಮಾತುಕತೆ ಅನ್ವಯಿಸದು ಎಂಬ ಸಾಲಿರುತ್ತದೆ. ತಿದ್ದಿದ ಪತ್ರವೇ ಬರಲಿ, ಸಹಿ ಅದಕ್ಕೆ ಹಾಕಿ.